ಜಬ್ಬಾರ್ ಸಾಬರ ಒಂದೂಮುಕ್ಕಾಲು ರೂಪಾಯಿ

ಹುಣಸೂರಿನ ತಾಲ್ಲೂಕು ಕಚೇರಿಯ ಎದುರಿಗೆ ಮರದ ಕೆಳಗೆ ಕೂತು ಮೂವತ್ತೊಂದು ವರ್ಷ ಅರ್ಜಿ ಬರೆದವನು ನಾನು, ಷಣ್ಮುಖಪ್ಪ. ಖಾತೆ ಬದಲಾವಣೆ, ಕಾಲುವೆ ನೀರು, ದಾಯಾದಿಗಳ ಬೇಲಿ ಜಗಳ, ಏನೇ ಇರಲಿ, ಎರಡಾಣೆ ಕೊಟ್ಟವರಿಗೆ ಅಮಲ್ದಾರರು ಕನ್ನಡಕ ಸರಿಮಾಡಿಕೊಂಡು ಓದುವಂಥ ಕಾಗದ ಕೊಡುತ್ತಿದ್ದೆ. ನನ್ನ ಒಕ್ಕಣೆಯಲ್ಲಿ ಸಂದು ಹುಡುಕುವುದು ಯಾವ ಗುಮಾಸ್ತನಿಂದಲೂ ಆಗುತ್ತಿರಲಿಲ್ಲ. ಹೀಗೆಂದು ನಾನೇ ಹೇಳಿಕೊಂಡರೆ ಜಂಬವೆನ್ನುತ್ತೀರಿ. ಅನ್ನಿ. ಆ ಜಂಬದಿಂದಲೇ ಒಬ್ಬ ಒಳ್ಳೆಯ ಮನುಷ್ಯನನ್ನು ಹಳ್ಳಕ್ಕೆ ತಳ್ಳಿದ ಕತೆ ಇದು.

ಆ ಮನುಷ್ಯ ಗಾಡಿ ಕೆಲಸದ ಜಬ್ಬಾರ್ ಸಾಬರು. ಅವರು ಮಾಡಿದ ಚಕ್ರಕ್ಕೆ ರಾವಂದೂರಿನಿಂದಲೂ ಹಂಪಾಪುರದಿಂದಲೂ ರೈತರು ಬಂದು ಎರಡು ತಿಂಗಳು ಮುಂಚೆ ಮುಂಗಡ ಕೊಟ್ಟು ಹೋಗುತ್ತಿದ್ದರು. ಕೆಂಪಗೆ ಕಾದ ಕಬ್ಬಿಣದ ಪಟ್ಟಿಯನ್ನು ಚಕ್ರಕ್ಕೆ ಹಾಕಿ ನೀರು ಸುರಿಯುವಾಗ ಬೇರೆಯವರು ಕೂಗಾಡುತ್ತಾರೆ, ಸಾಬರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮಾತು ಕಡಿಮೆ, ಕೆಲಸ ಗಟ್ಟಿ. ನನ್ನ ಮನೆ ಅವರ ಬೀದಿಯ ಪಕ್ಕದ ಬೀದಿಯಲ್ಲಿ. ಆ ಬೀದಿಯ ಉರ್ದು ನನಗೆ ಕನ್ನಡದಷ್ಟೇ ಚೆನ್ನಾಗಿ ಬರುತ್ತದೆ, ಹಾಗಾಗಿ ಅವರ ಮನೆಯ ಮಾತನ್ನೂ ಇಲ್ಲಿ ಕನ್ನಡದಲ್ಲೇ ಹೇಳಿಬಿಡುತ್ತೇನೆ.

ಸಾಬರು ಬ್ಯಾಂಕಿಗೆ ಹಣ ಕಟ್ಟಲು ಶುರುಮಾಡಿದ್ದು ಇಪ್ಪತ್ತಾರನೇ ಇಸವಿಯಲ್ಲಿ, ಅವರ ತಂದೆ ತೀರಿಕೊಂಡ ಮೇಲೆ. ಅವರಲ್ಲಿ ನಿಕಾಹ್ ಆಗುವಾಗ ಹುಡುಗ ಹೆಂಡತಿಗೆ ಇಂತಿಷ್ಟು ಮಹರ್ ಕೊಡುತ್ತೇನೆಂದು ಖಾಜಿಯ ಮುಂದೆ ಒಪ್ಪಬೇಕು. ಅದು ಹೆಂಡತಿಯ ಹಕ್ಕಿನ ಹಣ. ಒಪ್ಪುವವರು ಎಲ್ಲರೂ, ಎಣಿಸಿ ಕೊಡುವವರು ಕೆಲವರೇ. ಕೊಡದೆ ಗಂಡ ಸತ್ತರೆ ಹೆಣ ಎತ್ತುವ ಮೊದಲು ವಿಧವೆಯನ್ನು ಪಕ್ಕಕ್ಕೆ ಕರೆತಂದು, ಮಹರ್ ಮಾಫ್ ಮಾಡಿದೆ ಎಂದು ಬಾಯಿಂದ ಹೇಳಿಸುವ ರೂಢಿ ಆ ಬೀದಿಯಲ್ಲಿತ್ತು. ಸಾಬರ ತಾಯಿಗೂ ಹೇಳಿಸಿದರು. ಆಕೆಗೆ ಅಳುವಿನಲ್ಲಿ ಮಾತೇ ಹೊರಡಲಿಲ್ಲವಂತೆ. ಹೆಂಗಸರು ಬೆನ್ನು ತಿವಿದು, ಹೇಳಮ್ಮ, ಹೊತ್ತಾಗುತ್ತೆ, ಹೇಳಮ್ಮ ಎಂದರಂತೆ. ಕೊನೆಗೆ ಆಕೆ ಹೇಳಿದಳು. ಮಗ ಬಾಗಿಲ ಬಳಿ ನಿಂತು ಕೇಳಿಸಿಕೊಂಡ.

ತಂದೆಯ ನಲವತ್ತನೇ ದಿನದ ಫಾತೆಹಾ ಮುಗಿದ ಮೇಲೆ ಸಾಬರು ನನ್ನ ಮರದ ಕೆಳಗೆ ಬಂದು ಕೂತರು. ತಾವು ಹೆಂಡತಿ ಅಜೀಜುನ್ನೀಸಾ ಅವರಿಗೆ ಒಪ್ಪಿದ್ದು ನೂರ ಇಪ್ಪತ್ತೈದು ರೂಪಾಯಿ, ಅದನ್ನು ತಾವು ಬದುಕಿರುವಾಗಲೇ ಆಕೆಯ ಕೈಗೆ ಎಣಿಸಿ ಕೊಡಬೇಕು ಎಂದರು. ಮನೆಯಲ್ಲಿಟ್ಟರೆ ಅದು ಮರದ ಡಿಪೋ ಪಾಲಾಗುತ್ತದೆ, ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಸೇರಿಕೊಳ್ಳುತ್ತದೆ. ಬಡ್ಡಿ ಅವರಿಗೆ ಹರಾಮು. ಆಕೆಗೆ ಕೊಡುವ ಹಣದಲ್ಲಿ ಬಡ್ಡಿಯ ಒಂದು ಕಾಸೂ ಇರಕೂಡದು, ಏನಾದರೂ ಮಾಡಿ ಎಂದು ಕೇಳಿದರು.

ಪೇಟೆ ಬೀದಿಯಲ್ಲಿ ಆಗ ಒಂದು ಸಣ್ಣ ಸಹಕಾರ ಬ್ಯಾಂಕಿತ್ತು. ಈಗ ಅದರ ಹೆಸರು ಯಾಕೆ, ಅದರಲ್ಲಿದ್ದವರೆಲ್ಲ ಒಳ್ಳೆಯವರೇ. ಉಳಿತಾಯಕ್ಕೆ ನೂರಕ್ಕೆ ವರ್ಷಕ್ಕೆ ಮೂರು ರೂಪಾಯಿ ಬಡ್ಡಿ, ಜೂನ್ ಕೊನೆಗೊಮ್ಮೆ ಡಿಸೆಂಬರ್ ಕೊನೆಗೊಮ್ಮೆ ಜಮಾ. ಒಬ್ಬರಿಗೆ ಮಾತ್ರ ಬಡ್ಡಿ ಬೇಡವೆಂದರೆ ಲೆಕ್ಕದ ಪುಸ್ತಕ ಕೇಳುವುದಿಲ್ಲ, ಜಮಾ ಮಾಡಿ ಆಮೇಲೆ ತೆಗೆಯಬೇಕು, ತೆಗೆಯುವುದಕ್ಕೆ ನಿಮ್ಮದೊಂದು ಕಾಗದ ಬೇಕು ಎಂದರು ಸೆಕ್ರೆಟರಿ. ನಾನು ಬರೆದೆ. "ನನ್ನ ಖಾತೆಗೆ ಬಡ್ಡಿಯ ಬಾಬ್ತು ಜಮಾ ಆಗತಕ್ಕ ಯಾವುದೇ ಮೊತ್ತವನ್ನು, ಪುನಃ ನನ್ನನ್ನು ಕೇಳುವ ಅಗತ್ಯವಿಲ್ಲದೆ, ಆಗಿಂದಾಗ್ಗೆ ಖರ್ಚು ಬರೆದು ತೆಗೆದುಹಾಕತಕ್ಕದ್ದು." ಸೆಕ್ರೆಟರಿ ಓದಿ, ಷಣ್ಮುಖಪ್ಪನವರೇ, ವಕೀಲರಾಗಬೇಕಿತ್ತು ನೀವು ಎಂದರು. ಆ ದಿನವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ. ಸಾಬರು ತಮ್ಮ ಸಹಿ ಹಾಕಿದರು. ಗುಮಾಸ್ತ ಅಂಕಯ್ಯ ಕಾಗದವನ್ನು ಲೆಡ್ಜರಿನ ಅವರ ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿದ.

ಹನ್ನೊಂದು ವರ್ಷ ಯಾವ ತೊಂದರೆಯೂ ಆಗಲಿಲ್ಲ. ತಿಂಗಳಿಗೆ ಒಂದು ರೂಪಾಯಿ, ಕೆಲವು ತಿಂಗಳು ಅದೂ ಇಲ್ಲ. ಆರು ತಿಂಗಳಿಗೊಮ್ಮೆ ಬಡ್ಡಿ ಬರುತ್ತಿತ್ತು, ಮಾರನೆಯ ದಿನ ಹೋಗುತ್ತಿತ್ತು. ಮೂವತ್ತೇಳನೇ ಇಸವಿ ಜೂನ್ ಹೊತ್ತಿಗೆ ನೂರ ಇಪ್ಪತ್ತೆರಡು ರೂಪಾಯಿ ಆಗಿತ್ತು. ಜುಲೈ ಎರಡನೇ ವಾರ ಸಾಬರು ಒಂದು ಜೊತೆ ಚಕ್ರ ಮಾರಿ ಕೊನೆಯ ಮೂರು ರೂಪಾಯಿ ಕಟ್ಟಲು ಹೋದರು. ಅಂಕಯ್ಯ ಪಾಸ್‌ಬುಕ್ಕಿನಲ್ಲಿ ಬಾಕಿಯಿದ್ದ ಸಾಲುಗಳನ್ನೆಲ್ಲ ಬರೆದು, ಮೂರು ರೂಪಾಯಿ ಜಮಾ ಮಾಡಿ ಕೊಟ್ಟ. ಸಾಬರು ಪಾಸ್‌ಬುಕ್ಕನ್ನು ಅಲ್ಲೇ ನೋಡದೆ ನೇರವಾಗಿ ನನ್ನ ಹತ್ತಿರ ತಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಓದಿ ಷಣ್ಮುಖಪ್ಪಾರೆ, ಜೋರಾಗಿ ಓದಿ," ಎಂದರು.

ನಾನು ಓದಿದೆ. ಜೂನ್ ಮೂವತ್ತು, ಬಡ್ಡಿ ಜಮಾ, ಒಂದು ರೂಪಾಯಿ ಹನ್ನೆರಡಾಣೆ. ಜುಲೈ ಒಂದು, ಕಾಗದದಂತೆ ಖರ್ಚು, ಒಂದು ರೂಪಾಯಿ ಹನ್ನೆರಡಾಣೆ. ಜುಲೈ ಎಂಟು, ಕಾಗದದಂತೆ ಖರ್ಚು, ಒಂದು ರೂಪಾಯಿ ಹನ್ನೆರಡಾಣೆ. ಅಲ್ಲಿಗೆ ನಿಲ್ಲಿಸಿದೆ. ಬಂದದ್ದು ಒಂದು ಸಲ, ಹೋದದ್ದು ಎರಡು ಸಲ. ಕೆಳಗಿನ ಶಿಲ್ಕು ನೂರ ಇಪ್ಪತ್ಮೂರು ರೂಪಾಯಿ ನಾಲ್ಕಾಣೆ.

ವಾಪಸು ಬ್ಯಾಂಕಿಗೆ ಹೋದೆವು. ಅಂಕಯ್ಯನಿಗೆ ನೋಡಿದ ಕೂಡಲೇ ಗೊತ್ತಾಯಿತು. ಜೂನ್ ಕೊನೆಯಲ್ಲಿ ಅವನು ತಂಗಿಯ ಮದುವೆಗೆಂದು ರಜದ ಮೇಲಿದ್ದ, ಬದಲಿಗೆ ಬಂದವನು ಪುಟಕ್ಕೆ ಚುಚ್ಚಿದ ಕಾಗದ ನೋಡಿ ತೆಗೆದಿದ್ದ. ಎಂಟನೇ ತಾರೀಕು ಅಂಕಯ್ಯ ಬಂದವನೇ ಹನ್ನೊಂದು ವರ್ಷದ ಅಭ್ಯಾಸದಂತೆ ತಾನೂ ತೆಗೆದ. ಎರಡು ಸಲವೂ ಹಣ ಬಡ್ಡಿಯ ಲೆಕ್ಕಕ್ಕೆ ವಾಪಸು ಹೋಗಿದ್ದರಿಂದ ಜಮಾ ಖರ್ಚು ಎರಡೂ ಕಡೆ ತಾಳೆಯಾಯಿತು, ಯಾರ ಕಣ್ಣಿಗೂ ಬೀಳಲಿಲ್ಲ. ಸೆಕ್ರೆಟರಿ ಎರಡು ವೋಚರ್ ತರಿಸಿ ನೋಡಿದರು. ಎರಡಕ್ಕೂ ಆಧಾರ ನಿಮ್ಮ ಕಾಗದವೇ, ಎರಡರಲ್ಲೂ ನನ್ನ ಸಹಿಯಿದೆ, ನನ್ನ ಸಹಿಯನ್ನು ನಾನೇ ಬಾಯಿಮಾತಿಗೆ ಹೊಡೆದುಹಾಕಲಾಗದು, ದೂರು ಬರೆದುಕೊಡಿ, ಆಡಳಿತ ಸಭೆಯ ಮುಂದಿಡುತ್ತೇನೆ ಎಂದರು.

ಅಂಕಯ್ಯ ನಮ್ಮ ಹಿಂದೆಯೇ ಬೀದಿಗೆ ಬಂದ. ಮುಖ ಬೆವರಿತ್ತು. "ಸಾಬ್ರೆ, ನನ್ ಜೋಬಿಂದ ಕೊಟ್ಬುಡ್ತೀನಿ ಕಣ್ರೀ. ಇಲ್ಲಿಗೇ ಬುಟ್ಬುಡಿ. ಬರವಣಿಗೆಗೆ ಬಂದ್ರೆ ನನ್ ಹೆಸ್ರು ಆಳಾಯ್ತದೆ," ಎಂದು ಎರಡು ರೂಪಾಯಿ ಮುಂದೆ ಹಿಡಿದ.

ಸಾಬರು ಕೈ ಚಾಚಲಿಲ್ಲ. "ಅದು ನಿನ್ ದುಡ್ಡು ಅಂಕಯ್ಯ. ನಿಂಗೂ ಮಕ್ಳವೆ," ಎಂದರು.

ನನಗೆ ಸಿಟ್ಟು ಬಂತು. ತೆಗೆದುಕೊಂಡರೆ ಏನು ಕಳೆದುಹೋಗುತ್ತಿತ್ತು? ಅದೂ ಬೇಡವಾದರೆ, ಇದ್ದದ್ದನ್ನು ತೆಗೆದುಕೊಂಡು, ಕೊರತೆಗೆ ತಮ್ಮ ಕೂಲಿಯದನ್ನು ಸೇರಿಸಿ ಈ ಶುಕ್ರವಾರವೇ ಆಕೆಯ ಕೈಗೆ ಕೊಡಿ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. "ಕಟ್ಟಿದ್ ದಿನವೇ ಅದು ಅವಳ ದುಡ್ಡಾಯ್ತು. ಬುಡೋದಿದ್ರೆ ಅವ್ಳು ಬುಡ್ಬೇಕು, ನಾನಲ್ಲ. ನೀವು ಬರೀರಿ."

ನಾನು ಬರೆದೆ. ಒಳ್ಳೆಯ ಅರ್ಜಿಯೇ. "ಹುಣಸೂರು ಕಸಬಾ, ಗಾಡಿ ಕೆಲಸದ ಜಬ್ಬಾರ್ ಸಾಬ್ ಬರೆದುಕೊಂಡದ್ದು. ನನ್ನ ಉಳಿತಾಯದ ಲೆಕ್ಕದಲ್ಲಿ ಜುಲೈ ಎಂಟನೇ ತಾರೀಕು ಖರ್ಚು ಬಿದ್ದಿರುವ ಒಂದು ರೂಪಾಯಿ ಹನ್ನೆರಡಾಣೆಗೆ ನನ್ನ ಒಪ್ಪಿಗೆಯಿರುವುದಿಲ್ಲ. ಆ ದಿನ ತೆಗೆಯತಕ್ಕ ಬಡ್ಡಿ ಯಾವುದೂ ನನ್ನ ಲೆಕ್ಕದಲ್ಲಿ ಇರಲಿಲ್ಲ. ಸದರಿ ಮೊತ್ತವನ್ನು ಪುನಃ ಜಮಾ ಮಾಡಿಸಬೇಕಾಗಿ ಬೇಡುತ್ತೇನೆ." ಇಷ್ಟಕ್ಕೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪುರಾವೆಯಿಲ್ಲದ ಅರ್ಜಿ ಷಣ್ಮುಖಪ್ಪನ ಕೈಯಿಂದ ಹೊರಡುವುದುಂಟೆ? ಕೆಳಗೆ ಗೆರೆ ಎಳೆದು ಬರೆದೆ: "ಲಗತ್ತು, ಪಾಸ್‌ಬುಕ್ಕು ಒಂದು." ಪಾಸ್‌ಬುಕ್ಕನ್ನು ಅರ್ಜಿಗೆ ದಾರದಿಂದ ಕಟ್ಟಿ ಸಾಬರ ಕೈಯಿಂದಲೇ ಕೊಡಿಸಿದೆ.

ಪಾಸ್‌ಬುಕ್ಕು ತೋರಿಸದೆ ಉಳಿತಾಯದ ಹಣ ತೆಗೆಯುವಂತಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು.

ಮೂರು ವಾರಕ್ಕೆ ಉತ್ತರ ಬಂತು. ತಾವು ಇಪ್ಪತ್ತಾರನೇ ಇಸವಿಯಲ್ಲಿ ಬರೆದುಕೊಟ್ಟ ಕಾಗದದಂತೆ ಕ್ರಮ ಜರುಗಿಸಲಾಗಿದೆ, ಆದರೂ ವಿಷಯ ಸಭೆಯ ಪರಿಶೀಲನೆಯಲ್ಲಿದೆ ಎಂದಿತ್ತು. ಆಗಸ್ಟಿನ ಸಭೆಗೆ ಸಾಕಷ್ಟು ಸದಸ್ಯರು ಬರಲಿಲ್ಲ. ನಾನು ಅಧ್ಯಕ್ಷರ ಹೆಸರಿಗೆ ಇನ್ನೊಂದು ಅರ್ಜಿ ಬರೆದೆ. ಸೆಪ್ಟೆಂಬರಿನ ಸಭೆ ಕೂಡಿತು, ವರ್ಷದ ಲೆಕ್ಕ ನೋಡಲು ಇಲಾಖೆಯ ಆಡಿಟರು ಬರುವವರಿದ್ದಾರೆ, ಅವರ ಅಭಿಪ್ರಾಯ ಪಡೆದು ತೀರ್ಮಾನಿಸತಕ್ಕದ್ದು ಎಂದು ಬರೆಯಿತು. ಪಾಸ್‌ಬುಕ್ಕಾದರೂ ಕೊಡಿ ಎಂದು ಕೇಳಿದರೆ, ಅದು ದೂರಿನ ಕಡತದಲ್ಲಿ ಸೇರಿದೆ, ಆಡಿಟರು ಲೆಡ್ಜರಿನ ಜೊತೆ ಹೋಲಿಸಿ ನೋಡಬೇಕು, ಅಲ್ಲಿಯವರೆಗೆ ಬಿಡುವಂತಿಲ್ಲ ಎಂದರು. ಕಡತಕ್ಕೆ ಸೇರಿಸಿದವನು ನಾನೇ, ಯಾರನ್ನು ಬೈಯಲಿ?

ಮೈಸೂರಿನಲ್ಲಿರುವ ಮೇಲಿನ ಅಧಿಕಾರಿಗಳಿಗೆ ಬರೆಯೋಣವೆಂದೆ. ಸಾಬರು ಒಪ್ಪಲಿಲ್ಲ. ಅಲ್ಲಿಂದ ಏನಾದರೂ ಬಂದರೆ ಮೊದಲು ಅಂಕಯ್ಯನ ಕೆಲಸ ಹೋಗುತ್ತದೆ ಎಂದರು. ಪ್ರತಿ ಸೋಮವಾರ ಬೆಳಿಗ್ಗೆ ಉಳಿ ಕೊಡಲಿ ಬದಿಗಿಟ್ಟು, ಕೋಟು ಹಾಕಿಕೊಂಡು ಬ್ಯಾಂಕಿನ ಜಗಲಿಯಲ್ಲಿ ಕೂತಿರುತ್ತಿದ್ದರು. ಅವರಂಥ ಗತ್ತಿನ ಮನುಷ್ಯ ಬೆಂಚಿನ ತುದಿಯಲ್ಲಿ ಕೂತು, ಒಳಗಿನಿಂದ ಯಾರಾದರೂ ಹೊರಬಂದಾಗಲೆಲ್ಲ ಎದ್ದು ನಿಲ್ಲುವುದನ್ನು ನೋಡಲಾರದೆ ನಾನು ಸೋಮವಾರ ಆ ಬೀದಿಗೆ ಹೋಗುವುದನ್ನೇ ಬಿಟ್ಟೆ.

ಅಕ್ಟೋಬರಿನಲ್ಲಿ ಅಜೀಜುನ್ನೀಸಾ ಚಳಿಜ್ವರಕ್ಕೆ ಮಲಗಿದರು. ಆ ವರ್ಷ ಪಕ್ಕದ ಕೋಟೆ ತಾಲ್ಲೂಕಿನ ಕಡೆಯಿಂದ ಬಂದ ಜ್ವರ ಮನೆಮನೆಯಲ್ಲಿತ್ತು. ದಿನ ಬಿಟ್ಟು ದಿನ ನಡುಕ, ಕೊಯಿನಾ ಮಾತ್ರೆಗೆ ಕಿವಿ ಮಂಕಾಯಿತೇ ಹೊರತು ಜ್ವರ ಇಳಿಯಲಿಲ್ಲ. ಆಕೆಯನ್ನು ನೋಡಿಕೊಳ್ಳಲು ಪಿರಿಯಾಪಟ್ಟಣದಿಂದ ತಂಗಿ ಫಹ್ಮೀದಾ ಬಂದರು. ಸಾಬರು ಒಂದು ಬುಧವಾರ, ಕೋಟೂ ಇಲ್ಲದೆ, ಬ್ಯಾಂಕಿಗೆ ಓಡಿ ಪಾಸ್‌ಬುಕ್ಕು ಬೇಡಿದರು. ಯಾಕೆಂದು ಸೆಕ್ರೆಟರಿ ಕೇಳಿದರೆ ಹೇಳಲಾಗಲಿಲ್ಲ. ಹೆಂಡತಿಯ ಮಹರ್ ಕೊಟ್ಟಿಲ್ಲ, ಅವಳು ಸಾಯುವ ಮೊದಲು ಕೊಡಬೇಕು ಎಂದು ಪರರ ಮುಂದೆ ಹೇಗೆ ಹೇಳುವುದು? ಬರಿಗೈಯಲ್ಲಿ ವಾಪಸು ಬಂದರು.

ಆ ಸಂಜೆ ನಡೆದದ್ದನ್ನು ಮಾರನೆಯ ದಿನ ಅವರೇ ನನಗೆ ಹೇಳಿದರು. ಅಜೀಜುನ್ನೀಸಾ ಅವರಿಗೆ ಎಲ್ಲ ಗೊತ್ತಿತ್ತು. ಹನ್ನೊಂದು ವರ್ಷದಿಂದ ಗಂಡ ಕಟ್ಟುತ್ತಿದ್ದದ್ದೂ, ಮೂರು ತಿಂಗಳಿಂದ ಜಗಲಿ ಕಾಯುತ್ತಿದ್ದದ್ದೂ. ಗಂಡನನ್ನೂ ತಂಗಿಯನ್ನೂ ಹತ್ತಿರ ಕರೆದರಂತೆ. "ಫಹ್ಮೀದಾ, ನೀನು ಸಾಕ್ಷಿ. ನನ್ನ ಮಹರ್ ನಾನು ಮಾಫ್ ಮಾಡಿದ್ದೀನಿ," ಎಂದರಂತೆ. ಆಮೇಲೆ ಗಂಡನ ಕಡೆ ತಿರುಗಿ, "ಸೋಮವಾರ ಇನ್ನು ಹೋಗಬೇಡಿ, ಕೆಲಸ ನೋಡಿಕೊಳ್ಳಿ," ಎಂದರಂತೆ.

ಇದನ್ನು ಹೇಳುವಾಗ ಸಾಬರು ನನ್ನ ಮುಖ ನೋಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ಕಡ್ಡಿಯೊಂದನ್ನು ಎತ್ತಿಕೊಂಡು ಚೂರುಚೂರು ಮುರಿದರು. ಪಾಪ, ಆಕೆ ಪ್ರೀತಿಯಿಂದ ಕೊಟ್ಟದ್ದು. ಗಂಡನ ತಲೆಯ ಮೇಲಿನ ಭಾರ ತಾನು ಹೋಗುವ ಮೊದಲು ಇಳಿಸಿ ಹೋಗೋಣವೆಂದು ಕೊಟ್ಟದ್ದು. ಆದರೆ ಯಾವ ಮಾತನ್ನು ಹೆಂಡತಿಯ ಬಾಯಿಂದ ಕೇಳಬಾರದೆಂದು ಈ ಮನುಷ್ಯ ಹನ್ನೊಂದು ವರ್ಷ ಒಂದೊಂದು ರೂಪಾಯಿ ಕೂಡಿಟ್ಟನೋ, ಅದೇ ಮಾತು ಅದು.

ದೇವರ ದಯೆ, ಆಕೆ ಬದುಕಿದರು. ನವೆಂಬರಿನಲ್ಲಿ ಎದ್ದು ಓಡಾಡಿದರು. ಆಡಿಟರೂ ಬಂದುಹೋದರು. ತಪ್ಪಾಗಿದೆ, ವಾಪಸು ಜಮಾ ಮಾಡತಕ್ಕದ್ದು ಎಂದು ಬರೆದರು. ಗೆದ್ದೆವು ಎಂದುಕೊಂಡೆ. ಜನವರಿ ಮೊದಲ ವಾರ ಅಂಕಯ್ಯನೇ ಪಾಸ್‌ಬುಕ್ಕು ತಂದು ನನ್ನ ಮರದ ಕೆಳಗೆ ಕೂತಿದ್ದ ಸಾಬರ ಕೈಗೆ ಕೊಟ್ಟ. ಅವರು ನನ್ನ ಕೈಗೆ ಕೊಟ್ಟರು. ಈ ಸಲ ಜೋರಾಗಿ ಓದಿ ಎನ್ನಲಿಲ್ಲ.

ನವೆಂಬರ್ ಇಪ್ಪತ್ತೆರಡು, ಬಡ್ಡಿ ಬಾಬ್ತು ಜಮಾ, ಒಂದು ರೂಪಾಯಿ ಹನ್ನೆರಡಾಣೆ. ಡಿಸೆಂಬರ್ ಮೂವತ್ತೊಂದು, ಬಡ್ಡಿ ಬಾಬ್ತು ಜಮಾ, ಒಂದು ರೂಪಾಯಿ ಹದಿಮೂರಾಣೆ. ಅದೇ ದಿನ, ಕಾಗದದಂತೆ ಖರ್ಚು, ಮೂರು ರೂಪಾಯಿ ಒಂಬತ್ತಾಣೆ. ಶಿಲ್ಕು ನೂರ ಇಪ್ಪತ್ಮೂರು ರೂಪಾಯಿ ನಾಲ್ಕಾಣೆ.

ಇದೇನಯ್ಯಾ ಎಂದು ಅಂಕಯ್ಯನನ್ನು ಕೇಳಿದೆ. ತಪ್ಪಾಗಿ ತೆಗೆದ ಹಣ ಬಡ್ಡಿಯ ಲೆಕ್ಕಕ್ಕೆ ಹೋಗಿ ಸೇರಿತ್ತು, ಹಾಗಾಗಿ ಅಲ್ಲಿಂದಲೇ ತೆಗೆದು ಕೊಡಬೇಕು, ಅದನ್ನು ಬಡ್ಡಿ ಬಾಬ್ತು ಎಂದೇ ಬರೆಯಬೇಕು ಎಂದ. ಅದು ಲೆಕ್ಕದ ಪ್ರಕಾರ ಸರಿಯೇ. ಮತ್ತೆ ಯಾಕೆ ತೆಗೆದೆ ಎಂದೆ. ಪುಟಕ್ಕೆ ಚುಚ್ಚಿದ ಕಾಗದ ಇರುವವರೆಗೂ ಅದರಂತೆ ಅಕ್ಷರಶಃ ನಡೆಯತಕ್ಕದ್ದು, ಗುಮಾಸ್ತರು ಸ್ವಂತ ಬುದ್ಧಿ ಉಪಯೋಗಿಸಕೂಡದು ಎಂದು ಆಡಿಟರು ಕೆಂಪು ಶಾಯಿಯಲ್ಲಿ ಬರೆದಿದ್ದರಂತೆ.

"ನೀವೇ ಬರ್ದಿದ್ದಲ್ವಾ ಷಣ್ಮುಖಪ್ಪೋರೆ, ಬಡ್ಡಿ ಬಾಬ್ತು ಯಾವುದೇ ಮೊತ್ತ ಅಂತ," ಎಂದ ಅಂಕಯ್ಯ. "ಈ ಸಲ ತಪ್ಪಾಗ್ಬಾರ್ದು ಅಂತ ಎಲ್ಡ್ ಸಲ ಓದ್ಕೊಂಡು ಬರ್ದೆ."

ಅವನು ಕುಹಕವಾಡಲಿಲ್ಲ. ನಿಜವಾಗಿಯೂ ನನಗೆ ಸಂತೋಷವಾಗುತ್ತದೆಂದು ಹೇಳಿದ.

ಮೂರನೇ ಅರ್ಜಿಗೆಂದು ನಾನು ಕಾಗದ ತೆಗೆದೆ. ಸಾಬರು ನನ್ನ ಕೈ ಹಿಡಿದರು. "ಬುಡಿ," ಎಂದರು. ಅಷ್ಟೇ.

ಅದೇ ದಿನ ಅವರು ಬ್ಯಾಂಕಿನ ಲೆಕ್ಕ ಮುಗಿಸಿ ನೂರ ಇಪ್ಪತ್ಮೂರು ರೂಪಾಯಿ ನಾಲ್ಕಾಣೆ ತೆಗೆದುಕೊಂಡರು. ತಮ್ಮ ಕೂಲಿಯ ಒಂದೂಮುಕ್ಕಾಲು ರೂಪಾಯಿ ಸೇರಿಸಿ ಹೊಸ ವಸ್ತ್ರದಲ್ಲಿ ಕಟ್ಟಿ ಅಜೀಜುನ್ನೀಸಾ ಅವರ ಮುಂದಿಟ್ಟರು. ಮಹರ್ ತಗೋ ಎಂದರಂತೆ. ಆಕೆ, ಮಾಫ್ ಮಾಡಿದ್ದನ್ನು ವಾಪಸು ತಗೊಳ್ಳೋದು ಹೇಗೆ, ಉಡುಗೊರೆ ಅಂತ ಕೊಟ್ಟರೆ ತಗೋತೀನಿ ಎಂದು ನಕ್ಕರಂತೆ. ಹಣ ತೆಗೆದುಕೊಂಡರು. ಎರಡು ಎಮ್ಮೆ ಕೊಂಡು ಹಾಲು ಮಾರಿದರು, ಚೆನ್ನಾಗಿಯೇ ಆಯಿತು. ಆಕೆಯ ಮಟ್ಟಿಗೆ ಮಾತು ಮುಗಿದಿತ್ತು. ಸಾಬರ ಮಟ್ಟಿಗೆ ಮುಗಿಯಲಿಲ್ಲ. ಉಡುಗೊರೆ ಕೊಟ್ಟರೆ ಸಾಲ ತೀರಿಸಿದಂತಾಗುತ್ತದೆಯೇ ಎಂದು ಎರಡು ಮೂರು ಸಲ ನನ್ನನ್ನು ಕೇಳಿದರು. ತೀರಿತು ಎಂದು ಬರೆದುಕೊಡಲೇ ಎಂದೆ ನಾನು, ತಮಾಷೆಗೆ. ಆಮೇಲೆ ಅವರು ಕೇಳಲಿಲ್ಲ. ಆ ತಮಾಷೆಗೆ ನನ್ನ ನಾಲಿಗೆಯನ್ನು ಇವತ್ತಿಗೂ ಶಪಿಸುತ್ತೇನೆ.

ನಲವತ್ಮೂರನೇ ಇಸವಿಯಲ್ಲಿ ಜಬ್ಬಾರ್ ಸಾಬರು ತೀರಿಕೊಂಡರು. ಕೆಲಸದ ಕೊಟ್ಟಿಗೆಯಲ್ಲೇ, ಅರೆಬರೆ ಮುಗಿದ ಚಕ್ರದ ಪಕ್ಕದಲ್ಲಿ. ನಾನು ಹೋಗುವ ಹೊತ್ತಿಗೆ ಬಟ್ಟೆ ಸುತ್ತಿ ಪಡಸಾಲೆಯಲ್ಲಿ ಮಲಗಿಸಿದ್ದರು. ಗಂಡಸರೆಲ್ಲ ಅಂಗಳದಲ್ಲಿ ನಿಂತಿದ್ದರು, ನಾನೂ ಅಂಕಯ್ಯನೂ ಬೇಲಿಯ ಬಳಿ. ಹೊರಡುವ ಮೊದಲು ಬೀದಿಯ ಮುದುಕಿಯರು ಅಜೀಜುನ್ನೀಸಾ ಅವರನ್ನು ಹಿಡಿದು ಪಕ್ಕಕ್ಕೆ ಕರೆತಂದರು. ಪರದೆಯ ಆಚೆಯಿಂದ ಮಾತು ಕೇಳಿಸುತ್ತಿತ್ತು. ಹೇಳಮ್ಮ, ಮಹರ್ ಮಾಫ್ ಮಾಡಿದೆ ಅಂತ ಹೇಳು, ಹೊತ್ತಾಗುತ್ತೆ.

ನಾನು ಎರಡು ಹೆಜ್ಜೆ ಮುಂದಿಟ್ಟೆ. ಆತ ಎಣಿಸಿ ಕೊಟ್ಟಿದ್ದಾನೆ, ನೂರ ಇಪ್ಪತ್ತೈದೂ ಕೊಟ್ಟಿದ್ದಾನೆ ಎಂದು ಕೂಗಿ ಹೇಳಬೇಕೆನಿಸಿತು. ಆದರೆ ನಾನು ಯಾರು? ಹೊರಗಿನವನು, ಗಂಡಸು. ಅದೂ ಅಲ್ಲದೆ ಆ ಹಣ ಯಾವ ಬಾಬ್ತು ಹೋಯಿತೆಂದು ಯಾರಾದರೂ ಕೇಳಿದರೆ, ಉಡುಗೊರೆ ಎಂದೇ ಹೇಳಬೇಕಿತ್ತು. ಅಂಕಯ್ಯ ನನ್ನ ತೋಳು ಹಿಡಿದು ನಿಲ್ಲಿಸಿದ.

ಆಕೆ ಸುಳ್ಳು ಹೇಳುವವರಲ್ಲ. ಸ್ವಲ್ಪ ಹೊತ್ತು ಅತ್ತರು. ಆಮೇಲೆ ಹೇಳಿದರು.

"ಮಾಫ್ ಮಾಡಿದ್ದೀನಿ. ಆವತ್ತೇ ಮಾಡಿದ್ದೆ."

ಮುದುಕಿಯರು ಸರಿ ಎಂದರು. ಗಂಡಸರು ಒಳಗೆ ಹೋಗಿ ಎತ್ತಿಕೊಂಡರು. ನಾನೂ ಹಿಂದೆ ನಡೆದೆ.